ರಜೆಯಲ್ಲಿದ್ದವರ ಕೆಲಸ ಯಾರ ಪಾಲಿಗೆ ಹೋಗುತ್ತದೆ?

ಎಲ್ಲರಿಗೂ ನಮಸ್ಕಾರ. ಮಡಿಕೇರಿಯ ಈ ಚಳಿಯಲ್ಲೂ ಬಂದಿದ್ದೀರಿ, ಸಂತೋಷ.

ತೋಟದಲ್ಲಿ ಬೆಳಿಗ್ಗೆ ಕೆಲಸ ಹಂಚುವ ಮೇಸ್ತ್ರಿಯನ್ನು ನೀವೆಲ್ಲ ನೋಡಿದ್ದೀರಿ. ಒಳ್ಳೆಮೆಣಸು ಕುಯ್ಯಲು ಏಣಿ ಹತ್ತಬಲ್ಲವರನ್ನೇ ಕಳಿಸುತ್ತಾರೆ. ನಿನ್ನೆ ಮರ ಕಪಾತು ಮಾಡಿ ಸುಸ್ತಾದವರನ್ನು ಹತ್ತಿರದ ಕೆಲಸಕ್ಕೆ ಹಾಕುತ್ತಾರೆ. ಹೊಸದಾಗಿ ಅಸ್ಸಾಂನಿಂದ ಬಂದವರ ಜೊತೆ ಹಿಂದಿ ಬರುವ ಒಬ್ಬರನ್ನು ಸೇರಿಸುತ್ತಾರೆ. ಕೌಶಲ, ಹೊರೆ, ಭಾಷೆ, ಮೂರನ್ನೂ ಒಂದೇ ಸಲ ನೋಡಿ ಹಂಚುತ್ತಾರೆ. ಕಂಪ್ಯೂಟರ್‌ಗೆ ಇದೇ ಕೆಲಸ ಒಪ್ಪಿಸಿದಾಗ ಏನಾಗುತ್ತದೆ ಎಂದು ನಾನು ಕೆಲಸ ಮಾಡಿದ ಒಂದು ಜಾಗದ ಉದಾಹರಣೆಯಿಂದ ಹೇಳುತ್ತೇನೆ.

ಅದು ಪಂಪ್‌ಸೆಟ್ ಮತ್ತು ಸ್ಪ್ರಿಂಕ್ಲರ್ ರಿಪೇರಿಗೆ ಫೋನ್ ತೆಗೆದುಕೊಳ್ಳುವ ಸಣ್ಣ ಕಚೇರಿ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬರದಿದ್ದರೆ ರೊಬಸ್ಟಾ ತೋಟಕ್ಕೆ ನೀರು ಹಾಯಿಸಲೇಬೇಕು. ಆಗ ಮೋಟಾರ್ ಕೆಟ್ಟರೆ ತೋಟದವರು ಕಾಯುವ ಹಾಗಿಲ್ಲ. ಫೋನಿನಲ್ಲಿ ನಾಲ್ವರಿದ್ದರು. ಊರಿನ ಹೆಸರಿನಿಂದಲೇ ಕರೆಯುತ್ತೇನೆ. ಪೊನ್ನಂಪೇಟೆಯ ಅಕ್ಕನಿಗೆ ಕನ್ನಡ, ಕೊಡವ ತಕ್ಕ್ ಬರುತ್ತದೆ, ಬಿಲ್ಲು ಮತ್ತು ಬಿಡಿಭಾಗ ನೋಡುತ್ತಾರೆ. ಸೋಮವಾರಪೇಟೆಯ ಅಣ್ಣ ಕನ್ನಡದವರು, ಮೋಟಾರ್ ಬಲ್ಲವರು. ಸಿದ್ದಾಪುರದ ತಂಗಿಗೆ ಕನ್ನಡದ ಜೊತೆ ಮಲಯಾಳಂ, ಹಿಂದಿ ಎರಡೂ ಬರುತ್ತವೆ, ಮೋಟಾರ್ ಕೂಡ ಗೊತ್ತು. ಭಾಗಮಂಡಲದ ಹುಡುಗನಿಗೆ ಕನ್ನಡ, ಅರೆಭಾಷೆ, ಅವನದೂ ಬಿಲ್ಲಿನ ಕೆಲಸ.

ಸಾಫ್ಟ್‌ವೇರ್‌ನಲ್ಲಿ ಇದ್ದದ್ದು ರೌಂಡ್ ರಾಬಿನ್, ಅಂದರೆ ಸರದಿ. ಒಂದು ಕರೆ ಮೊದಲನೆಯವರಿಗೆ, ಮುಂದಿನದು ಎರಡನೆಯವರಿಗೆ, ಹೀಗೆ ಸುತ್ತು. ಎಲ್ಲರಿಗೂ ಸಮ ಎಂದು ಖುಷಿಯಾಗಿತ್ತು. ಸೋಮವಾರಪೇಟೆಯ ಅಣ್ಣ ಒಂದು ವಾರ ರಜೆ ಹಾಕಿದರು ನೋಡಿ, ಸಿದ್ದಾಪುರದ ತಂಗಿ ಊಟಕ್ಕೂ ಏಳಲಾಗದ ಸ್ಥಿತಿಗೆ ಬಂದಳು. ಉಳಿದ ಇಬ್ಬರಿಗೆ ಹೊರೆ ಹೆಚ್ಚಾಗಿರಲೇ ಇಲ್ಲ. ಅವಳು ನಿಧಾನ ಎಂದು ಕೆಲವರು ಮಾತಾಡಿಕೊಂಡದ್ದು ನನಗೆ ಇಂದಿಗೂ ಬೇಸರ. ತಪ್ಪು ಈ ನಾಲ್ಕು ಸಾಲಿನಲ್ಲಿತ್ತು:

```
i = n % 4
while on_leave[i]:
    i = (i + 1) % 4
n = n + 1
```

`n` ಅಂದರೆ ಇಲ್ಲಿಯವರೆಗೆ ಬಂದ ಕರೆಗಳ ಎಣಿಕೆ. ಅದನ್ನು ನಾಲ್ಕರಿಂದ ಭಾಗಿಸಿ ಉಳಿದದ್ದು ಯಾರ ಸರದಿ ಎಂದು ಹೇಳುತ್ತದೆ. ಅವರು ರಜೆಯಲ್ಲಿದ್ದರೆ ಪಕ್ಕದವರಿಗೆ ಹೋಗುತ್ತದೆ. ಅಣ್ಣನ ಪಕ್ಕದಲ್ಲಿದ್ದದ್ದು ಸಿದ್ದಾಪುರದ ತಂಗಿ. ಹಾಗಾಗಿ ಅಣ್ಣನ ಪಾಲೂ ಅವಳಿಗೆ, ಅವಳ ಪಾಲೂ ಅವಳಿಗೆ. ದಿನಕ್ಕೆ 40 ಕರೆ ಎಂದುಕೊಳ್ಳಿ. ಮೂವರಿಗೆ ಸುಮಾರು 13 ಬರಬೇಕಿತ್ತು. ಬಂದದ್ದು 10, 20, 10.

ಕೊನೆಯ ಸಾಲನ್ನು `n = i + 1` ಎಂದು ಬದಲಿಸಿದೆವು. ಈಗ ಕರೆ ಯಾರಿಗೆ ಹೋಯಿತೋ ಅವರ ಮುಂದಿನಿಂದ ಸರದಿ ಶುರುವಾಗುತ್ತದೆ, ರಜೆಯ ಹೊರೆ ಮೂವರಿಗೂ ಹಂಚಿಹೋಗುತ್ತದೆ. ಸರಿಹೋಯಿತು ಅಂದುಕೊಂಡೆವು. ಆಮೇಲೆ ಭಾಷೆಯ ನಿಯಮ ಸೇರಿಸಿದೆವು: ಹಿಂದಿ, ಮಲಯಾಳಂ ಕರೆ ಬಂದರೆ ಸಿದ್ದಾಪುರಕ್ಕೇ ಹೋಗಲಿ. ಈ ಸಲ ತೊಂದರೆ ಭಾಗಮಂಡಲದ ಹುಡುಗನಿಗೆ. ಪ್ರತಿ ಹಿಂದಿ ಕರೆಯ ನಂತರ ಸರದಿ ಸಿದ್ದಾಪುರ ದಾಟಿ ಅವನ ಮೇಲೆ ನಿಲ್ಲುತ್ತಿತ್ತು. ಮುಂದಿನ ಕನ್ನಡ ಕರೆ ಅವನದೇ. ಹಿಂದಿ ಕರೆಗಳು ಜಾಸ್ತಿ ಬಂದ ದಿನ ಅವನಿಗೆ ಕನ್ನಡ ಕರೆಗಳೂ ಜಾಸ್ತಿ. ಒಂದೇ ಸರದಿಯನ್ನು ಎರಡು ಭಾಷೆಯ ಸಾಲುಗಳಿಗೆ ಬಳಸಿದರೆ ಹೀಗಾಗುತ್ತದೆ. ಪ್ರತಿ ಭಾಷೆಯ ಸಾಲಿಗೂ ಅದರದೇ ಸರದಿ ಇರಬೇಕು.

ಅದನ್ನೂ ಮಾಡಿದೆವು. ಆಗ ಕಂಡದ್ದು ನಿಜವಾದ ಸಮಸ್ಯೆ. 40ರಲ್ಲಿ 8 ಕರೆ ಹಿಂದಿ ಅಥವಾ ಮಲಯಾಳಂ, 32 ಕನ್ನಡ ಎಂದು ಇಟ್ಟುಕೊಳ್ಳಿ. ಕನ್ನಡದ 32 ನಾಲ್ವರಿಗೂ ಎಂಟೆಂಟು. ಸಿದ್ದಾಪುರದ ತಂಗಿಗೆ ಅದರ ಮೇಲೆ ಇನ್ನೂ 8. ಪ್ರತಿ ಸಾಲೂ ನ್ಯಾಯವಾಗಿದೆ, ಒಟ್ಟು ಮಾತ್ರ ಅನ್ಯಾಯ. ಎಣಿಕೆಯನ್ನು ಬಿಟ್ಟು ಸಮಯ ನೋಡಿ. ಬಿಲ್ಲಿನ ಪ್ರಶ್ನೆಗೆ 5 ನಿಮಿಷ ಸಾಕು. ಮೋಟಾರ್ ಯಾಕೆ ನೀರು ಎತ್ತುತ್ತಿಲ್ಲ ಎಂದು ಫೋನಿನಲ್ಲಿ ಪತ್ತೆ ಮಾಡಲು 40 ನಿಮಿಷ ಬೇಕು. ಅವಳ 8 ಹಿಂದಿ, ಮಲಯಾಳಂ ಕರೆಗಳೆಲ್ಲ ಮೋಟಾರಿನವು. ಅಲ್ಲಿಗೇ 320 ನಿಮಿಷ, ಐದು ಗಂಟೆ ಇಪ್ಪತ್ತು ನಿಮಿಷ. ಅವಳು ಕನ್ನಡದಲ್ಲಿ ಯಾರದೋ ಬಿಲ್ಲು ಹುಡುಕುತ್ತಿರುವಾಗ ಹಿಂದಿ ಬಿಟ್ಟು ಬೇರೆ ಮಾತು ಬರದ ಒಬ್ಬ ಕೆಲಸಗಾರ ಮೋಟಾರ್ ಮುಂದೆ ಕಾಯುತ್ತಿರುತ್ತಾನೆ. ಆ ಬಿಲ್ಲನ್ನು ಉಳಿದ ಮೂವರಲ್ಲಿ ಯಾರು ಬೇಕಾದರೂ ನೋಡಬಹುದಿತ್ತು, ಅಲ್ವಾ?

ಹಾಗಾಗಿ ಕ್ರಮವನ್ನೇ ತಿರುಗಿಸಿದೆವು. ಮೊದಲು ಭಾಷೆ. ಇದರಲ್ಲಿ ಎರಡು ಬಗೆ. ಹಿಂದಿ ಬೇಕೇ ಬೇಕು, ಇಲ್ಲದಿದ್ದರೆ ಮಾತೇ ನಡೆಯದು. ಕೊಡವ ತಕ್ಕ್, ಅರೆಭಾಷೆ ನಮ್ಮ ಕರೆಗಳಲ್ಲಿ ಇದ್ದರೆ ಒಳ್ಳೆಯದು, ಕನ್ನಡದಲ್ಲೂ ಕೆಲಸ ಆಗುತ್ತಿತ್ತು. ಎರಡನ್ನೂ ಕಡ್ಡಾಯ ಮಾಡಿದರೆ ಸುಮ್ನೆ ಸಾಲು ಬೆಳೆಯುತ್ತದೆ. ನಂತರ ಕೌಶಲ. ನಂತರ ಹೊರೆ, ಅದೂ ಕೈಯಲ್ಲಿರುವ ಕೆಲಸದ ನಿಮಿಷಗಳಲ್ಲಿ. ಬಿಡಿಭಾಗ ಬರಲೆಂದು ಕಾಯುತ್ತಿರುವ ಕೆಲಸವನ್ನು ಹೊರೆಗೆ ಸೇರಿಸಲಿಲ್ಲ. ಇಷ್ಟಾದ ಮೇಲೂ ಇಬ್ಬರು ಸಮ ಬಂದರೆ ಆಗ ಸರದಿ. ಇದರ ಜೊತೆ ಇನ್ನೊಂದು ನಿಯಮ: ಕನ್ನಡ ಕರೆಯನ್ನು ಮೊದಲು ಕಡಿಮೆ ಭಾಷೆ ಬರುವವರಿಗೆ ಕೊಡು. ಯಾರೂ ಹತ್ತು ನಿಮಿಷ ಎತ್ತದಿದ್ದರೆ ಮಾತ್ರ ಸಿದ್ದಾಪುರಕ್ಕೆ ಕಳಿಸು.

ಹೊರೆಯನ್ನೇ ಪೂರ್ತಿ ನಂಬಿದರೂ ಕೆಡುತ್ತದೆ. ಅಣ್ಣ ರಜೆ ಮುಗಿಸಿ ಬಂದ ಬೆಳಿಗ್ಗೆ ಅವರ ಕೈಯಲ್ಲಿ ಕೆಲಸ ಸೊನ್ನೆ. ಮೋಟಾರಿನ ಹೊಸ ಕರೆಗಳೆಲ್ಲ ಅವರ ಮೇಲೆ ಬಿದ್ದವು. ಗಂಟೆಗೆ ಇಷ್ಟೇ ಹೊಸ ಕೆಲಸ ಎಂಬ ಮಿತಿ ಹಾಕಿದ ಮೇಲೆ ನಿಂತಿತು.

ನಾವು ತಡವಾಗಿ ಕಂಡುಕೊಂಡ ತಪ್ಪು ಇನ್ನೊಂದು. ಕರೆಯ ಭಾಷೆಯನ್ನು ಸಾಫ್ಟ್‌ವೇರ್ ನೋಂದಣಿ ಫಾರಂನಿಂದ ತೆಗೆದುಕೊಳ್ಳುತ್ತಿತ್ತು. ಅಲ್ಲಿರುವುದು ತೋಟದ ಮಾಲೀಕರ ಹೆಸರು, ಅವರ ಭಾಷೆ ಕನ್ನಡ. ಮೋಟಾರ್ ಮುಂದೆ ನಿಂತು ಅದರ ಸದ್ದು ಹೇಗಿದೆ ಎಂದು ಹೇಳಬೇಕಾದವನು ಜಾರ್ಖಂಡ್‌ನಿಂದ ಬಂದ ಹುಡುಗ. ಕರೆ ಮೊದಲು ಕನ್ನಡದ ಸಾಲಿಗೆ ಹೋಗಿ, ಅಲ್ಲಿಂದ ಕೈ ಬದಲಾಗಿ ಸಿದ್ದಾಪುರಕ್ಕೆ ಬರುತ್ತಿತ್ತು. ಕರೆಯ ಶುರುವಿನಲ್ಲೇ ಭಾಷೆ ಕೇಳಿ ಬರೆದುಕೊಳ್ಳಲು ಶುರು ಮಾಡಿದ ಮೇಲೆ ಕೈ ಬದಲಾಗುವುದು ಕಡಿಮೆಯಾಯಿತು.

ನಿಮ್ಮ ಕಡೆ ಹೀಗೇನಾದರೂ ಆಗುತ್ತಿದೆಯೇ ಎಂದು ನೋಡಲು ಸರಾಸರಿ ಕಾಯುವ ಸಮಯ ಸಾಲದು. 32 ಕನ್ನಡ ಕರೆಗಳು ಬೇಗ ಮುಗಿದರೆ ಸರಾಸರಿ ಚೆನ್ನಾಗೇ ಕಾಣುತ್ತದೆ, ಕಾಯುತ್ತಿರುವ ಹಿಂದಿ ಕರೆ ಅದರಲ್ಲಿ ಮುಚ್ಚಿಹೋಗುತ್ತದೆ. ಭಾಷೆವಾರು ನೋಡಿ: ಈ ಕ್ಷಣ ಅತಿ ಹೆಚ್ಚು ಹೊತ್ತಿನಿಂದ ಕಾಯುತ್ತಿರುವ ಕರೆ ಯಾವುದು? ಒಂದು ಕರೆ ಎಷ್ಟು ಕೈ ಬದಲಾಯಿತು? ಯಾರಾದರೂ ರಜೆ ಹಾಕಿದ ದಿನ ಪಟ್ಟಿಯಲ್ಲಿ ಅವರ ಕೆಳಗಿನವರಿಗೆ ಎಷ್ಟು ಬಂತು?

ಕೊನೆಗೆ ಎಲ್ಲ ಸರಿಮಾಡಿದರೂ ಸಿದ್ದಾಪುರದ ತಂಗಿಯ ಐದು ಗಂಟೆ ಹಾಗೇ ಉಳಿಯಿತು. ಹಿಂದಿ ಬರುವವರು ಒಬ್ಬರೇ ಇದ್ದರೆ ಯಾವ ನಿಯಮವೂ ಇಬ್ಬರನ್ನು ಮಾಡಲಾರದು. ಭಾಗಮಂಡಲದ ಹುಡುಗ ಅಣ್ಣನ ಪಕ್ಕದಲ್ಲಿ ಕೂತು ಮೋಟಾರ್ ಕಲಿತ. ಹಿಂದಿಯನ್ನೂ ಅಲ್ಪಸ್ವಲ್ಪ ಹಿಡಿದುಕೊಂಡ. ತಂಗಿ ರಜೆ ಹಾಕಿದ ದಿನ ಹಿಂದಿ ಕರೆಯನ್ನು ಸಾಲಿನ ಮುಂದಿನವರಿಗೆ ತಳ್ಳುವುದನ್ನು ನಿಲ್ಲಿಸಿದೆವು. ಅದರ ಬದಲು ಹಿಂದಿ, ಕನ್ನಡ ಎರಡೂ ಬರುವ ತೋಟದ ರೈಟರ್‌ಗೆ ಫೋನ್ ಮಾಡಿ, ಅವರನ್ನೂ ಕೆಲಸಗಾರನನ್ನೂ ಒಂದೇ ಕರೆಗೆ ಸೇರಿಸಿ, ಸೋಮವಾರಪೇಟೆಯ ಅಣ್ಣ ಮಾತಾಡುತ್ತಿದ್ದರು.

ನಿಮ್ಮಲ್ಲಿ ಹೋಮ್‌ಸ್ಟೇ ಬುಕಿಂಗ್ ನೋಡುವವರು ಕೆಲವರು ಇದ್ದೀರಿ. ನಿಮ್ಮ ಪಟ್ಟಿಯಲ್ಲಿ ಯಾರ ಕೆಳಗೆ ಯಾರಿದ್ದಾರೆ ಹೇಳಿ, ಅದನ್ನೇ ಬೋರ್ಡಿನ ಮೇಲೆ ಬರೆದು ಲೆಕ್ಕ ಹಾಕೋಣ.