ಕೈಯಲ್ಲಿ ನಾಲ್ಕೂವರೆ ಲಕ್ಷ, ತಲೆಯ ಮೇಲೆ ಮನೆ ಸಾಲ

ಕೇಳುಗರಿಗೆ ನಮಸ್ಕಾರ.

ಕಳೆದ ವಾರ ಗಂಗಾವತಿಯ ಮಾಸ್ತರರೊಬ್ಬರು ತಮ್ಮ ಹೆಂಡತಿಯ ಜೊತೆ ನಮ್ಮ ಮನೆಗೆ ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರೊಳಗೆ ಮನೆ ಸಾಲದ ಸ್ಟೇಟ್‌ಮೆಂಟು. ಊರಲ್ಲಿ ಅವರಿಗೆ ನಾಲ್ಕೆಕರೆ ಗದ್ದೆ ಇದೆ. ಸೋನಾ ಮಸೂರಿ ಮಾರಿದ ದುಡ್ಡು, ಸಂಬಳದಲ್ಲಿ ಉಳಿಸಿದ್ದು ಎಲ್ಲಾ ಸೇರಿ ನಾಲ್ಕೂವರೆ ಲಕ್ಷ ಆಗಿತ್ತು. "ಸರ್, ಇದನ್ನ ಸಾಲಕ್ಕ ಕಟ್ಟಲೋ, ಎಫ್‌ಡಿ ಇಡಲೋ? ನಮ್ಮ ಹುಡುಗ ನೋಡಿದರ ಮ್ಯೂಚುವಲ್ ಫಂಡಿಗೆ ಹಾಕು ಅಂತಾನ" ಅಂದರು. ನಾನು ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಇಂಥ ಪ್ರಶ್ನೆ ಬಂದರೆ ಮೊದಲು ಪೆನ್ನು ಹುಡುಕುತ್ತೇನೆ.

ಅವರ ಸಾಲ 25 ಲಕ್ಷ. ಬಡ್ಡಿ ಎಂಟೂವರೆ ಪರ್ಸೆಂಟ್, ಅವಧಿ 20 ವರ್ಷ. ತಿಂಗಳ ಕಂತು ಸುಮಾರು 21,700 ರೂಪಾಯಿ. ಐದು ವರ್ಷ ಒಂದು ಕಂತೂ ತಪ್ಪಿಸದೆ ಕಟ್ಟಿದ್ದಾರೆ. ಅಂದರೆ 13 ಲಕ್ಷ ಹೋಗಿದೆ. ಅಸಲು ಎಷ್ಟು ಇಳಿದಿದೆ ಗೊತ್ತಾ? ಬರೀ 3 ಲಕ್ಷ. ಇನ್ನೂ 22 ಲಕ್ಷ ಬಾಕಿ. ಅವರ ಮನೆಯಾಕೆ ಅದನ್ನು ಎರಡು ಸಲ ಓದಿಸಿದರು. ಇದರಲ್ಲಿ ಬ್ಯಾಂಕಿನ ಮೋಸ ಏನಿಲ್ಲ. ಬಾಕಿ ದೊಡ್ಡದಿದ್ದಾಗ ಬಡ್ಡಿಯೂ ದೊಡ್ಡದು. ಈ ತಿಂಗಳ ಕಂತಿನಲ್ಲೂ 15,600 ಬಡ್ಡಿಗೇ ಹೋಗುತ್ತದೆ, 6,100 ಮಾತ್ರ ಅಸಲಿಗೆ.

ಈಗ ಇದರಲ್ಲಿ 3 ಲಕ್ಷ ಒಟ್ಟಿಗೆ ಕಟ್ಟಿದರು ಅಂತಿಟ್ಟುಕೊಳ್ಳಿ. ಕಂತು ಅಷ್ಟೇ ಇರಲಿ. ಇನ್ನು 180 ತಿಂಗಳು ಕಟ್ಟಬೇಕಿದ್ದ ಸಾಲ 138 ತಿಂಗಳಿಗೆ ಮುಗಿಯುತ್ತದೆ. ಮೂರೂವರೆ ವರ್ಷ ಮೊದಲೇ! ಉಳಿಯುವ ಬಡ್ಡಿ 6 ಲಕ್ಷಕ್ಕೂ ಜಾಸ್ತಿ.

ಮಾಸ್ತರರ ಮುಖ ಅರಳಿತು. ನಾನು ತಡೆದೆ. ಬರೀ ಈ 6 ಲಕ್ಷ ನೋಡಿ ತೀರ್ಮಾನ ಮಾಡಬಾರದು, ಯಾಕೆಂದರೆ ಎಫ್‌ಡಿಯಲ್ಲಿ ಇಟ್ಟರೂ ದುಡ್ಡು ಬೆಳೆಯುತ್ತದೆ ಅಲ್ವಾ? 15 ವರ್ಷ ಆರೂವರೆ ಪರ್ಸೆಂಟಿಗೆ ಇಟ್ಟರೆ ಆ 3 ಲಕ್ಷ ಸುಮಾರು 7 ಲಕ್ಷ 90 ಸಾವಿರ ಆಗುತ್ತದೆ. ಇನ್ನೊಂದು ದಾರಿ ನೋಡಿ. 3 ಲಕ್ಷ ಸಾಲಕ್ಕೆ ಕಟ್ಟಿದರು. ಸಾಲ ಬೇಗ ಮುಗಿಯಿತು. ಉಳಿದ ಮೂರೂವರೆ ವರ್ಷ ಅದೇ 21,700 ರೂಪಾಯಿಯನ್ನು ತಿಂಗಳು ತಿಂಗಳು ಆರ್‌ಡಿಗೆ ಹಾಕಿದರು, ಅದೇ ಆರೂವರೆ ಪರ್ಸೆಂಟಿಗೆ. ಹದಿನೈದನೇ ವರ್ಷದ ಕೊನೆಗೆ ಕೈಯಲ್ಲಿ 10 ಲಕ್ಷದ ಮೇಲೆ ಇರುತ್ತದೆ. ಎರಡೂ ದಾರಿ ಒಂದೇ ದಿನ ಮುಗಿಯುತ್ತವೆ. ಹೋಲಿಕೆ ಮಾಡಬೇಕಾದ್ದು ಹೀಗೆ.

ಇಲ್ಲಿ ತೆರಿಗೆಯ ಮಾತೂ ಬರುತ್ತದೆ. ಮಾಸ್ತರರದು ಹೊಸ ತೆರಿಗೆ ಪದ್ಧತಿ. ಅವರ ವರಮಾನಕ್ಕೆ ಅದರಲ್ಲಿ ತೆರಿಗೆ ಬೀಳುವುದಿಲ್ಲ, ನಾವಿರುವ ಮನೆಯ ಸಾಲದ ಬಡ್ಡಿಗೆ ವಿನಾಯಿತಿಯೂ ಸಿಗುವುದಿಲ್ಲ. ಹಾಗಾಗಿ ಅವರಿಗೆ ಎಂಟೂವರೆ ಅಂದರೆ ಎಂಟೂವರೆಯೇ. ಹಳೆಯ ಪದ್ಧತಿಯಲ್ಲಿ 30 ಪರ್ಸೆಂಟ್ ತೆರಿಗೆ ಕಟ್ಟುವವರ ಲೆಕ್ಕ ಬೇರೆ. ವರ್ಷಕ್ಕೆ 2 ಲಕ್ಷದವರೆಗಿನ ಬಡ್ಡಿಗೆ ಅವರಿಗೆ ವಿನಾಯಿತಿ ಇದೆ. ಅವರ ಸಾಲ ನಿಜದಲ್ಲಿ ಆರು ಪರ್ಸೆಂಟಿನ ಹತ್ತಿರ ಬೀಳುತ್ತದೆ. ಅಂಥವರಿಗೆ ಸಾಲಕ್ಕೆ ಕಟ್ಟುವುದಕ್ಕಿಂತ ಪಿಪಿಎಫ್‌ನಲ್ಲಿ ಇಡುವುದೂ ಮೇಲಾಗಬಹುದು. ನಿಮ್ಮದು ಯಾವ ಪದ್ಧತಿ ಅಂತ ಮೊದಲು ನೋಡಿಕೊಳ್ಳಿ.

ಇನ್ನು ಹುಡುಗನ ಮ್ಯೂಚುವಲ್ ಫಂಡ್. ಅವನು 12 ಪರ್ಸೆಂಟ್ ಬರುತ್ತದೆ ಅನ್ನುತ್ತಾನೆ. ಬರಬಹುದು. ಆದರೆ ಸಾಲಕ್ಕೆ ಕಟ್ಟಿದರೆ ಎಂಟೂವರೆ ಗ್ಯಾರಂಟಿ, ಆ 12ಕ್ಕೆ ಯಾರೂ ಗ್ಯಾರಂಟಿ ಕೊಡುವುದಿಲ್ಲ. 2020ರ ಜನವರಿಯಲ್ಲಿ 42 ಸಾವಿರದ ಹತ್ತಿರ ಇದ್ದ ಸೆನ್ಸೆಕ್ಸ್ ಮಾರ್ಚಿನಲ್ಲಿ 26 ಸಾವಿರಕ್ಕೆ ಬಿತ್ತು. ಆಮೇಲೆ ಎದ್ದಿತು, ನಿಜ. ಆ ಎರಡು ತಿಂಗಳು ಮಾಸ್ತರರು ಸುಮ್ನೆ ಕೂತಿರುತ್ತಿದ್ದರೇ? "ನನಗ ಆಗೂದಿಲ್ರೀ" ಅಂತ ಅವರೇ ಒಪ್ಪಿಕೊಂಡರು. ಹುಡುಗ ತನ್ನ ಸಂಬಳದಲ್ಲಿ ತಿಂಗಳಿಗೆ ಒಂದಿಷ್ಟು ಹಾಕಿಕೊಳ್ಳಲಿ, ಅವನಿಗೆ ವಯಸ್ಸಿದೆ.

ಇಷ್ಟಾದ ಮೇಲೆ ಮಾಸ್ತರರು ನಾಲ್ಕೂವರೆ ಲಕ್ಷವನ್ನೂ ಕಟ್ಟಿಬಿಡುತ್ತೇನೆ ಅಂದರು. ಆಗ ನಾನೇ ಮಾಡಿದ ತಪ್ಪನ್ನು ಹೇಳಬೇಕಾಯಿತು.

ನಮ್ಮದು ಸಿರುಗುಪ್ಪ ಕಡೆ ಸ್ವಲ್ಪ ಜಮೀನು. ಒಂದು ವರ್ಷ ಕೈಯಲ್ಲಿದ್ದ ದುಡ್ಡನ್ನೆಲ್ಲ ತೆಗೆದುಕೊಂಡು ಹೋಗಿ ಮನೆ ಸಾಲಕ್ಕೆ ತುಂಬಿದೆ. ಬ್ಯಾಂಕಿನವನು ನಾನು, ಲೆಕ್ಕ ಗೊತ್ತು ಅನ್ನುವ ಜಂಬ. ಎರಡು ತಿಂಗಳಿಗೆ ನಾಟಿ ಬಂತು. ಗೊಬ್ಬರ, ಔಷಧಿ, ಆಳಿನ ಕೂಲಿ, ಯಾವುದಕ್ಕೂ ಕೈಯಲ್ಲಿ ಕಾಸಿಲ್ಲ. ಸಾಲಕ್ಕೆ ಕಟ್ಟಿದ ದುಡ್ಡು ವಾಪಸ್ ಕೊಡಿ ಅಂದರೆ ಯಾರು ಕೊಡುತ್ತಾರೆ? ದಲಾಲಿ ಅಂಗಡಿಗೆ ಹೋದೆ. ಒಂದು ಲಕ್ಷ ತಂದೆ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ನಮ್ಮ ಕಡೆ ಇದನ್ನು "ಎರಡು ರೂಪಾಯಿ" ಅಂತ ಹಗುರಾಗಿ ಹೇಳುತ್ತೇವೆ. ವರ್ಷಕ್ಕೆ ಅದು 24 ಪರ್ಸೆಂಟ್. ಆರು ತಿಂಗಳಿಗೆ 12 ಸಾವಿರ ಕೊಟ್ಟೆ. ಅದೇ ಒಂದು ಲಕ್ಷ ಮನೆ ಸಾಲಕ್ಕೆ ಕಟ್ಟಿದ್ದರಿಂದ ಆರು ತಿಂಗಳಲ್ಲಿ ಉಳಿದ ಬಡ್ಡಿ, ಎಂಟೂವರೆಯಂತೆ, 4,250 ರೂಪಾಯಿ. ಮೇಲೆ ಭತ್ತವನ್ನೂ ಅದೇ ಅಂಗಡಿಗೆ, ಅವರು ಹೇಳಿದ ದರಕ್ಕೆ ಹಾಕಬೇಕಾಯಿತು. ಆ ಲೆಕ್ಕವನ್ನು ಮನೆಯಲ್ಲಿ ಇವತ್ತಿಗೂ ಯಾರಿಗೂ ಪೂರ್ತಿ ಹೇಳಿಲ್ಲ.

ಅದಕ್ಕೇ ಮಾಸ್ತರರಿಗೆ ಕೇಳಿದೆ, ಎಕರೆಗೆ ಖರ್ಚು ಎಷ್ಟು ಅಂತ. ಅವರ ಲೆಕ್ಕದಲ್ಲಿ 35 ಸಾವಿರ. ನಾಲ್ಕೆಕರೆಗೆ 1 ಲಕ್ಷ 40 ಸಾವಿರ. ಒಂದೂವರೆ ಲಕ್ಷ ಮುಟ್ಟಬೇಡಿ, ಬೇಕಾದ ದಿನ ಮುರಿಯಬಹುದಾದ ಎಫ್‌ಡಿಯಲ್ಲಿಡಿ, ಬಡ್ಡಿ ಕಡಿಮೆ ಬಂದರೂ ಬರಲಿ ಅಂದೆ. ಉಳಿದ 3 ಲಕ್ಷ ಸಾಲಕ್ಕೆ. ಕೆಲವು ಬ್ಯಾಂಕುಗಳಲ್ಲಿ ಓವರ್‌ಡ್ರಾಫ್ಟ್ ತರದ ಮನೆ ಸಾಲ ಇರುತ್ತದೆ. ಹೆಚ್ಚುವರಿ ಹಣ ಅದರಲ್ಲಿಟ್ಟರೆ ಬಡ್ಡಿ ಉಳಿಯುತ್ತದೆ, ಬೇಕಾದಾಗ ತೆಗೆಯಲೂ ಬರುತ್ತದೆ. ವರಮಾನ ಪೀಕಿನ ಮೇಲೆ ನಿಂತವರಿಗೆ ಅದು ಚೆನ್ನಾಗಿ ಹೊಂದುತ್ತದೆ. ಬಡ್ಡಿ ಸ್ವಲ್ಪ ಜಾಸ್ತಿ ಇರಬಹುದು, ಕೇಳಿ ನೋಡಿ.

ಕಟ್ಟುವ ದಿನ ಒಂದು ಎಚ್ಚರ. ಬದಲಾಗುವ ಬಡ್ಡಿಯ ಮನೆ ಸಾಲಕ್ಕೆ, ಅಂದರೆ ಫ್ಲೋಟಿಂಗ್ ದರದ ಸಾಲಕ್ಕೆ, ಮುಂಚಿತವಾಗಿ ಕಟ್ಟಿದರೆ ದಂಡ ಹಾಕುವಂತಿಲ್ಲ. ಅದು ರಿಸರ್ವ್ ಬ್ಯಾಂಕಿನ ನಿಯಮ. ಆದರೆ ದುಡ್ಡು ಎಲ್ಲಿಗೆ ಹೋಯಿತು ಅನ್ನುವುದನ್ನು ನಾವೇ ನೋಡಬೇಕು. ಒಮ್ಮೊಮ್ಮೆ ಅದು ಅಸಲಿಗೆ ಸೇರದೆ ಮುಂಗಡ ಕಂತು ಅಂತ ಕೂತಿರುತ್ತದೆ. ಇನ್ನೊಮ್ಮೆ ಅವಧಿ ಹಾಗೇ ಇಟ್ಟು ಕಂತು ಇಳಿಸಿಬಿಟ್ಟಿರುತ್ತಾರೆ. ಮಾಸ್ತರರಿಗೆ ಹಾಗೆ ಮಾಡಿದ್ದರೆ ಕಂತು 3 ಸಾವಿರದಷ್ಟು ಇಳಿಯುತ್ತಿತ್ತು, ಉಳಿಯುವ ಬಡ್ಡಿ 6 ಲಕ್ಷದ ಬದಲು ಎರಡೂಕಾಲು ಲಕ್ಷದ ಆಸುಪಾಸು. ಕಂತು ಕಟ್ಟಲು ಕಷ್ಟಪಡುವವರಿಗೆ ಅದೂ ಬೇಕಾಗಬಹುದು, ಆದರೆ ಕೇಳಿ ಮಾಡಿಸಿಕೊಂಡಿರಬೇಕು. "ಅಸಲಿಗೆ ಜಮಾ ಮಾಡಿ, ಕಂತು ಹಾಗೇ ಇರಲಿ, ಅವಧಿ ಇಳಿಸಿ" ಅಂತ ಅರ್ಜಿ ಬರೆದುಕೊಡಿ. ಹೊಸ ಮರುಪಾವತಿ ಪಟ್ಟಿ ಕೇಳಿ ಪಡೆಯಿರಿ.

ಮೊನ್ನೆ ಮಾಸ್ತರರು ಫೋನ್ ಮಾಡಿದ್ದರು. ಹೊಸ ಪಟ್ಟಿ ಬಂದಿದೆಯಂತೆ, ಕೊನೆಯ ಸಾಲಿನಲ್ಲಿ 138 ಅಂತಿದೆಯಂತೆ. ಹಿಂದಿನಿಂದ ಅವರ ಮನೆಯಾಕೆಯ ದನಿ: "ಮುಂದಿನ ಪೀಕಿನ ರೊಕ್ಕನೂ ಅಲ್ಲೇ ಹಾಕೂದೇನು ಕೇಳ್ರಿ." ನನಗೆ 2024ರ ಆಗಸ್ಟ್ ನೆನಪಾಯಿತು. ತುಂಗಭದ್ರಾ ಅಣೆಕಟ್ಟೆಯ ಹತ್ತೊಂಬತ್ತನೇ ಗೇಟು ಕೊಚ್ಚಿಹೋದಾಗ ಇಡೀ ಗಂಗಾವತಿ ನಿದ್ದೆ ಮಾಡಿರಲಿಲ್ಲ. "ಮೊದಲು ಕಾಲುವೆಗೆ ನೀರು ಬಿಡಲಿ ತಾಯಿ, ಆಮೇಲೆ ಮತ್ತೆ ಪೆನ್ನು ಹಿಡಿಯೋಣ" ಅಂದೆ.

ನಮಸ್ಕಾರ.