ಏಳನೇ ಮನೆಯ ಬಿಂದುಗಳು: 28 ಎಂಬ ಗೆರೆ ಅಲ್ಲಿಗೆ ಸರಿಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಹೋದ ವರ್ಷ ಒಬ್ಬರು ತಂದೆ ಮಗಳ ಜಾತಕ ಹಿಡಿದು ನನ್ನ ಹತ್ತಿರ ಬಂದಿದ್ದರು. ಕಂಪ್ಯೂಟರಿನಲ್ಲಿ ತೆಗೆಸಿದ ಪ್ರತಿ. ಅಷ್ಟಕವರ್ಗದ ಪುಟದಲ್ಲಿ ಏಳನೇ ಮನೆಯ ಅಂಕಿಗೆ ಯಾರೋ ಕೆಂಪು ಪೆನ್ನಿನಲ್ಲಿ ಎರಡು ಸುತ್ತು ಹಾಕಿದ್ದರು. ಅಲ್ಲಿದ್ದದ್ದು 24. "28ಕ್ಕಿಂತ ಕಡಿಮೆ ಇದೆ, ಕಳತ್ರ ಸ್ಥಾನಕ್ಕೆ ಬಲ ಇಲ್ಲ" ಅಂತ ಗಂಡಿನ ಕಡೆಯವರು ಜಾತಕ ವಾಪಸ್ ಕಳಿಸಿದ್ದರಂತೆ. ಸಾಲಾವಳಿ ಚೆನ್ನಾಗಿ ಕೂಡಿತ್ತು. ಈ ಒಂದು ಅಂಕಿಗೆ ಮಾತು ಮುರಿದುಬಿತ್ತು.

ಆ ದಿನದಿಂದ ಈ 28 ನನ್ನ ತಲೆಯಲ್ಲಿ ಕೂತಿದೆ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಮೊದಲು 28 ಎಲ್ಲಿಂದ ಬಂತು ನೋಡೋಣ. ರವಿಯಿಂದ ಶನಿಯವರೆಗೆ ಏಳು ಗ್ರಹಗಳಿಗೆ ಒಂದೊಂದು ಅಷ್ಟಕವರ್ಗ ಇದೆ. ಎಂಟು ಕಡೆಯಿಂದ, ಅಂದರೆ ಏಳು ಗ್ರಹ ಮತ್ತು ಲಗ್ನದಿಂದ ಎಣಿಸಿ, ಶುಭವಾದ ಸ್ಥಾನಗಳಿಗೆ ಒಂದೊಂದು ಬಿಂದು ಇಡುತ್ತೇವೆ. ರವಿಗೆ 48, ಚಂದ್ರನಿಗೆ 49, ಕುಜನಿಗೆ 39, ಬುಧನಿಗೆ 54, ಗುರುವಿಗೆ 56, ಶುಕ್ರನಿಗೆ 52, ಶನಿಗೆ 39. ಎಲ್ಲ ಕೂಡಿದರೆ 337. ಇದು ಯಾರ ಜಾತಕದಲ್ಲೂ ಬದಲಾಗುವುದಿಲ್ಲ. 337 ಬಿಂದುಗಳನ್ನು 12 ರಾಶಿಗೆ ಹಂಚಿದರೆ ಒಂದಕ್ಕೆ 28 ಮತ್ತು ಸ್ವಲ್ಪ. ಅದೇ ಈ 28.

ಕೆಲವು ಗ್ರಂಥಗಳು ಶುಭಕ್ಕೆ ರೇಖೆ ಎಂದೂ ಅಶುಭಕ್ಕೆ ಬಿಂದು ಎಂದೂ ಹೇಳುತ್ತವೆ. ಹಳೆಯ ಕೈಬರಹದ ಜಾತಕ ಓದುವಾಗ ಇದನ್ನು ನೆನಪಿಡಿ, ಇಲ್ಲದಿದ್ದರೆ ಎಲ್ಲಾ ತಲೆಕೆಳಗಾಗುತ್ತದೆ. ನಾನಿಲ್ಲಿ ಬಿಂದು ಅಂದರೆ ಶುಭವೇ.

ಈಗ ವಿಷಯಕ್ಕೆ ಬರೋಣ. 28 ಎಂಬುದು ರಾಶಿಗೆ ಸರಾಸರಿ. ಆದರೆ ನಾವು ಕೇಳುತ್ತಿರುವುದು ಮನೆಯನ್ನು. ಲಗ್ನದಿಂದ ಏಳನೆಯ ಮನೆಯನ್ನು. ಎರಡೂ ಒಂದೇ ಅಲ್ಲ. ಯಾಕೆಂದರೆ ಬಿಂದು ಕೊಡುವ ಎಂಟರಲ್ಲಿ ಲಗ್ನವೂ ಒಂದು, ಮತ್ತು ಲಗ್ನದಿಂದ ಏಳನೇ ಮನೆಯ ದೂರ ಯಾವ ಜಾತಕದಲ್ಲೂ ಬದಲಾಗುವುದಿಲ್ಲ. ಹಾಗಾಗಿ ಲಗ್ನ ಏಳನೇ ಮನೆಗೆ ಎಷ್ಟು ಕೊಡುತ್ತದೆ ಎಂಬುದು ಮೊದಲೇ ತೀರ್ಮಾನವಾಗಿದೆ.

ಎಷ್ಟು ಕೊಡುತ್ತದೆ ಗೊತ್ತಾ? ಒಂದೇ ಒಂದು. ಕೋಷ್ಟಕ ತೆಗೆದು ಲಗ್ನದ ಸಾಲುಗಳನ್ನು ನೋಡಿ. ಗುರುವಿನ ಅಷ್ಟಕವರ್ಗದಲ್ಲಿ ಲಗ್ನದಿಂದ 1, 2, 4, 5, 6, 7, 9, 10, 11 ಅಂತ ಇದೆ. ಅಲ್ಲಿ ಮಾತ್ರ 7 ಸಿಗುತ್ತದೆ. ಉಳಿದ ಆರು ಗ್ರಹಗಳ ಕೋಷ್ಟಕದಲ್ಲಿ ಲಗ್ನದ ಸಾಲಿನಲ್ಲಿ 7 ಇಲ್ಲವೇ ಇಲ್ಲ. ಅದೇ ಹನ್ನೊಂದನೇ ಮನೆಗೆ ಏಳು ಕೋಷ್ಟಕಗಳಲ್ಲೂ ಲಗ್ನದಿಂದ ಬಿಂದು ಇದೆ. ಅದಕ್ಕೆ ಏಳು, ಇದಕ್ಕೆ ಒಂದು. ಹೊರಡುವ ಮೊದಲೇ ಏಳನೇ ಮನೆ ಹಿಂದೆ ಬಿದ್ದಿದೆ.

ಇದನ್ನು ಲೆಕ್ಕಕ್ಕೆ ತಂದು ನೋಡೋಣ. ಒಂದೇ ದಿನ ಹನ್ನೆರಡು ಲಗ್ನಗಳಲ್ಲಿ ಹನ್ನೆರಡು ಮಕ್ಕಳು ಹುಟ್ಟಿದರು ಅಂದುಕೊಳ್ಳಿ. ಆ ದಿನ ಯಾವ ಗ್ರಹವೂ ರಾಶಿ ಬದಲಿಸಲಿಲ್ಲ. 337ರಲ್ಲಿ ಲಗ್ನದ ಪಾಲು 45, ಉಳಿದ 292 ಗ್ರಹಗಳದ್ದು. ಆ 292 ಹನ್ನೆರಡು ರಾಶಿಗಳಲ್ಲಿ ಹರಡಿರುತ್ತದೆ. ಹನ್ನೆರಡು ಮಕ್ಕಳ ಏಳನೇ ಮನೆ ಸೇರಿದರೆ ಹನ್ನೆರಡು ರಾಶಿಗಳೂ ಒಂದೊಂದು ಸಲ ಬಂದಂತಾಯಿತು. ಅಲ್ಲಿಗೆ 292. ಲಗ್ನದಿಂದ ತಲಾ ಒಂದು, ಅಂದರೆ 12. ಒಟ್ಟು 304. ಹನ್ನೆರಡರಿಂದ ಭಾಗಿಸಿದರೆ 25 ಮತ್ತು ಮೂರನೇ ಒಂದು ಪಾಲು.

ಅಂದರೆ ಏಳನೇ ಮನೆಯ ನಿಜವಾದ ಸರಾಸರಿ 25. 28 ಅಲ್ಲ. 24 ಬಂದ ಆ ಹುಡುಗಿಯ ಏಳನೇ ಮನೆ ಸರಾಸರಿಗೆ ಒಂದೇ ಬಿಂದು ಕಡಿಮೆ ಇತ್ತು, ಅಷ್ಟೇ.

ಇನ್ನು 19 ಬಂದರೆ ಸಾಕು ಎನ್ನುವವರೂ ಇದ್ದಾರೆ. ಮನೆಗಳಿಗೆ ಕನಿಷ್ಠ ಬಿಂದು ಅಂತ ಒಂದು ಪಟ್ಟಿ ನಿಮ್ಮಲ್ಲಿ ತುಂಬಾ ಜನ ನೋಡಿರುತ್ತೀರಿ: ಒಂದನೇ ಮನೆಗೆ 25, ಎರಡಕ್ಕೆ 22, ಹೀಗೆ ಹೋಗಿ ಏಳಕ್ಕೆ 19, ಹನ್ನೊಂದಕ್ಕೆ 54. ಏಳೂ ಕೋಷ್ಟಕಗಳಲ್ಲಿ 7 ಎಂಬ ಅಂಕಿ ಎಷ್ಟು ಸಲ ಬಂದಿದೆ ಎಂದು ಕೂತು ಎಣಿಸಿ. ರವಿಯಲ್ಲಿ ನಾಲ್ಕು, ಚಂದ್ರನಲ್ಲಿ ಐದು, ಕುಜನಲ್ಲಿ ಎರಡು, ಬುಧನಲ್ಲಿ ಎರಡು, ಗುರುವಿನಲ್ಲಿ ಐದು, ಶನಿಯಲ್ಲಿ ಒಂದು. ಸರಿಯಾಗಿ 19. ಏಳೂ ಗ್ರಹಗಳು ಲಗ್ನದಲ್ಲೇ ಕೂತರೆ ಏಳನೇ ಮನೆಗೆ ಬರುವ ಮೊತ್ತ ಅದು. ಅದನ್ನು ಎಲ್ಲ ಜಾತಕಕ್ಕೂ ಪಾಸ್ ಮಾರ್ಕ್ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಒಂದು ಮಾತನ್ನು ಆ ಪಟ್ಟಿಯೂ ಹೇಳುತ್ತದೆ: ಎಲ್ಲ ಮನೆಗಳನ್ನೂ ಒಂದೇ ಅಳತೆಯಿಂದ ಅಳೆಯಬಾರದು.

ಎಣಿಸುವಾಗ ಶುಕ್ರನ ಹೆಸರು ಬರಲಿಲ್ಲ, ಗಮನಿಸಿದಿರಾ? ಕಳತ್ರಕಾರಕ ಶುಕ್ರನ ಅಷ್ಟಕವರ್ಗದಲ್ಲಿ ಯಾರಿಂದಲೂ ಏಳನೆಯ ಸ್ಥಾನಕ್ಕೆ ಬಿಂದುವಿಲ್ಲ. ಮೊದಲ ಸಲ ಇದು ಕಣ್ಣಿಗೆ ಬಿದ್ದಾಗ ನಾನು ಕೋಷ್ಟಕವೇ ತಪ್ಪಿರಬೇಕು ಅಂತ ಮೂರು ಸಲ ತಾಳೆ ನೋಡಿದೆ. ತಪ್ಪಿರಲಿಲ್ಲ. ಹಾಗಾಗಿ ಏಳನೇ ಮನೆಯಲ್ಲಿ ಶುಕ್ರನಿಗೆ ನಾಲ್ಕು ಬಿಂದು ಬಂದಿದ್ದರೆ ಅದನ್ನು ನಾನು ಒಳ್ಳೆಯ ಗಳಿಕೆ ಅಂತಲೇ ನೋಡುತ್ತೇನೆ.

ಒಂದು ಕುಂಡಲಿ ತೆಗೆದುಕೊಂಡು ಮಾಡಿ ನೋಡೋಣ. ಯಾರ ಮನೆಯ ಜಾತಕವನ್ನೂ ಇಲ್ಲಿ ಬಿಚ್ಚಿಡುವುದಿಲ್ಲ. ಇದು ಲೆಕ್ಕಕ್ಕಾಗಿ ನಾನೇ ಕಟ್ಟಿದ್ದು. ಮೇಷ ಲಗ್ನ. ಚಂದ್ರ ಮಿಥುನ, ಗುರು ಸಿಂಹ, ಕುಜ ವೃಶ್ಚಿಕ, ಶನಿ ಧನು, ಬುಧ ಮಕರ, ರವಿ ಕುಂಭ, ಶುಕ್ರ ಮೀನ. ಏಳನೇ ಮನೆ ತುಲಾ, ಅಧಿಪತಿ ಶುಕ್ರ.

ಒಬ್ಬೊಬ್ಬರಿಂದಲೂ ತುಲಾ ಎಷ್ಟನೆಯದು ಎಂದು ಎಣಿಸಿ. ಶನಿಯಿಂದ ತುಲಾ ಹನ್ನೊಂದನೆಯದು. ಹನ್ನೊಂದು ಎಂದರೆ ಧಾರಾಳ: ಆರು ಬಿಂದು ಬಂತು. ಮದುವೆ ವಿಷಯದಲ್ಲಿ ಶನಿಯ ಹೆಸರೆತ್ತಿದರೆ ಜನ ಹೆದರುತ್ತಾರೆ, ಇಲ್ಲಿ ಅತಿ ಹೆಚ್ಚು ಕೊಟ್ಟವನು ಅವನೇ. ಬುಧನಿಂದ ಹತ್ತನೆಯದು, ಐದು ಬಿಂದು. ರವಿಯಿಂದ ಒಂಬತ್ತನೆಯದು, ಮೂರು. ಶುಕ್ರನಿಂದ ಎಂಟನೆಯದು, ಮೂರು. ಚಂದ್ರನಿಂದ ಐದನೆಯದು, ಎರಡು. ಕುಜನಿಂದ ಹನ್ನೆರಡನೆಯದು, ಎರಡು. ಗುರುವಿನಿಂದ ಮೂರನೆಯದು, ಒಂದು. ಲಗ್ನದಿಂದ ಆ ಖಾಯಂ ಒಂದು. ಒಟ್ಟು 23.

28ರ ಗೆರೆ ಎಳೆದವರು ಇಲ್ಲಿ ಜಾತಕ ಮಡಚಿಬಿಡುತ್ತಾರೆ. ನಾವು ಮಡಚುವುದು ಬೇಡ. ಆ 23 ಯಾರ್ಯಾರ ಅಷ್ಟಕವರ್ಗದಿಂದ ಬಂತು ನೋಡೋಣ. ಗುರುವಿನದು 5, ಶುಕ್ರನದು 4, ಬುಧನದು 4, ರವಿ 3, ಶನಿ 3, ಚಂದ್ರ 2, ಕುಜ 2. ಎಂಟರಲ್ಲಿ ನಾಲ್ಕು ಎಂದರೆ ಸಮ. ಗುರು ಸಮಕ್ಕಿಂತ ಮೇಲಿದ್ದಾನೆ, ಕಾರಕನೂ ಅಧಿಪತಿಯೂ ಆದ ಶುಕ್ರ ಸಮದಲ್ಲಿದ್ದಾನೆ. ಕಡಿಮೆ ಬಿದ್ದದ್ದು ಮುಖ್ಯವಾಗಿ ಚಂದ್ರ ಮತ್ತು ಕುಜನ ಪಾಲು. ಇದನ್ನು ನಾನು ಹೀಗೆ ಓದುತ್ತೇನೆ: ಮದುವೆಗೆ ಆಧಾರ ಇದೆ, ಮನಸ್ಸು ಮತ್ತು ಸಿಟ್ಟಿನ ವಿಚಾರದಲ್ಲಿ ಹೊಂದಿಕೊಳ್ಳುವ ಕೆಲಸ ಜಾಸ್ತಿ. ಎಂಟರಲ್ಲಿ ಕುಜ ಇರುವುದರಿಂದ ಕುಜದೋಷದ ವಿಚಾರವೂ ಇದೆ, ಅದನ್ನು ಬೇರೆಯಾಗಿಯೇ ನೋಡಬೇಕು. ಬಿಂದುಗಳು ಅದಕ್ಕೆ ಉತ್ತರ ಕೊಡುವುದಿಲ್ಲ.

ಮುಂದಿನ ಹೆಜ್ಜೆ, ಏಳನೇ ಅಧಿಪತಿ ತಾನು ಕೂತ ರಾಶಿಯಲ್ಲಿ ತನ್ನದೇ ಅಷ್ಟಕವರ್ಗದಿಂದ ಎಷ್ಟು ಪಡೆದಿದ್ದಾನೆ ಎಂಬುದು. ಶುಕ್ರ ಮೀನದಲ್ಲಿ ಉಚ್ಚ, ಆದರೆ ಹನ್ನೆರಡನೇ ಮನೆ. ಮೀನಕ್ಕೆ ಕುಜ, ಬುಧ, ಗುರು, ಶನಿ ಮತ್ತು ಸ್ವತಃ ಶುಕ್ರನಿಂದ ಬಿಂದು ಬರುತ್ತದೆ. ಐದು. ವ್ಯಯದಲ್ಲಿದ್ದರೂ ಐದು ಬಿಂದುವಿನ ಶುಕ್ರ ಕೈಬಿಡುವವನಲ್ಲ. ಇಲ್ಲೊಂದು ಪಾಠಭೇದ ಅಡ್ಡ ಬರುತ್ತದೆ. ಶುಕ್ರನ ಅಷ್ಟಕವರ್ಗದಲ್ಲಿ ಕುಜನಿಂದ 3, 5, 6, 9, 11, 12 ಎಂದು ಒಂದು ಪಾಠ. 5ರ ಬದಲು 4 ಎಂದು ಇನ್ನೊಂದು. ನಮ್ಮ ಕುಂಡಲಿಯಲ್ಲಿ ಕುಜನಿಂದ ಮೀನ ಐದನೆಯದು. ಎರಡನೇ ಪಾಠ ಹಿಡಿದರೆ ಶುಕ್ರನಿಗೆ ನಾಲ್ಕೇ. ಎರಡು ಸಾಫ್ಟ್‌ವೇರ್ ಎರಡು ಅಂಕಿ ಕೊಟ್ಟಾಗ ಗಾಬರಿಯಾಗಬೇಡಿ, ಕಾರಣ ಇಂಥದ್ದೇ ಇರುತ್ತದೆ. ಒಂದು ಬಿಂದುವಿನ ಮೇಲೆ ತೀರ್ಪು ನಿಲ್ಲಿಸಬಾರದು ಅನ್ನುವುದಕ್ಕೂ ಇದೇ ಕಾರಣ.

ಪ್ರಿಂಟ್ ಕೈಗೆ ಬಂದ ತಕ್ಷಣ ಹನ್ನೆರಡು ರಾಶಿ ಕೂಡಿಸಿ ನೋಡಿ. 337 ಬರಬೇಕು. 386 ಬಂದರೆ ಲಗ್ನದ್ದೇ ಆದ 49 ಬಿಂದುಗಳನ್ನೂ ಸೇರಿಸಿದ್ದಾರೆ, ಅದನ್ನು ಕಳೆಯದೆ ಹೋಲಿಸುವಂತಿಲ್ಲ. ತುಂಬಾ ಕಡಿಮೆ ಬಂದರೆ ಅದು ತ್ರಿಕೋಣ ಮತ್ತು ಏಕಾಧಿಪತ್ಯ ಶೋಧನೆ ಆದ ಮೇಲಿನ ಅಂಕಿ ಇರಬಹುದು. ಇಲ್ಲಿ ನಮಗೆ ಬೇಕಾದದ್ದು ಶೋಧನೆಗೆ ಮುಂಚಿನದು.

ಎಲ್ಲಕ್ಕಿಂತ ದೊಡ್ಡ ಅಪಾಯ ಹುಟ್ಟಿದ ಹೊತ್ತು. ನಮ್ಮ ಕುಂಡಲಿಯ ಮೇಷ ಲಗ್ನ ಆಗಷ್ಟೇ ಶುರುವಾಗಿತ್ತು ಅಂದುಕೊಳ್ಳಿ. ಹೊತ್ತು ಐದು ನಿಮಿಷ ಹಿಂದೆ ಸರಿದರೆ ಲಗ್ನ ಮೀನ. ಏಳನೇ ಮನೆ ಕನ್ಯಾ, ಅಧಿಪತಿ ಬುಧ. ಗ್ರಹಗಳು ಕದಲಿಲ್ಲ. ಮೊತ್ತ ಮಾತ್ರ 23 ಹೋಗಿ 27 ಆಗುತ್ತದೆ, ಯಾಕೆಂದರೆ ಈಗ ಕುಜನಿಂದ ಏಳನೇ ಮನೆ ಹನ್ನೊಂದನೆಯದು, ಅವನೊಬ್ಬನೇ ಏಳು ಕೊಡುತ್ತಾನೆ. ಅದಕ್ಕೇ ಲಗ್ನ ರಾಶಿಯ ಮೊದಲ ಅಥವಾ ಕೊನೆಯ ಡಿಗ್ರಿಯಲ್ಲಿದ್ದರೆ ನಾನು ಬಿಂದು ಎಣಿಸುವ ಮೊದಲು ತಾಯಿಯನ್ನು ಕೇಳುತ್ತೇನೆ: ಅಮ್ಮಾ, ಆ ಹೊತ್ತು ಬರೆದಿಟ್ಟವರು ಯಾರು, ಯಾವ ಗಡಿಯಾರ ನೋಡಿ?

ಕೊನೆಗೆ ಗುರುಬಲ. ಚಂದ್ರನಿಂದ 2, 5, 7, 9, 11ರಲ್ಲಿ ಗುರು ಬಂದರೆ ಗುರುಬಲ ಅನ್ನುವುದು ನಮ್ಮಲ್ಲಿ ಮನೆಮಾತು. ಗುರುವಿನ ಅಷ್ಟಕವರ್ಗದಲ್ಲಿ ಚಂದ್ರನ ಸಾಲು ಓದಿ ನೋಡಿ, ಅದೇ ಐದು ಅಂಕಿಗಳು. ಅಂದರೆ ನಾವು ಗುರುಬಲ ಎಂದು ಕೇಳುವುದು ಎಂಟರಲ್ಲಿ ಒಂದು ಬಿಂದುವನ್ನು ಮಾತ್ರ. ಉಳಿದ ಏಳನ್ನೂ ಕೇಳಬಹುದಲ್ವಾ?

ನಮ್ಮ ಕುಂಡಲಿಯಲ್ಲಿ ಗುರು ಗೋಚಾರದಲ್ಲಿ ತುಲೆಗೆ ಬಂದಾಗ ಮಿಥುನ ರಾಶಿಗೆ ಐದನೆಯವನು, ಗುರುಬಲ ಇದೆ. ಜೊತೆಗೆ ಅಲ್ಲಿ ಅವನದೇ ಐದು ಬಿಂದು ಇದೆ. ಇನ್ನೂ ಹತ್ತಿರದಿಂದ ನೋಡಬೇಕಾದರೆ ರಾಶಿಯನ್ನು ಮೂರು ಡಿಗ್ರಿ 45 ಕಲೆಯ ಎಂಟು ಕಕ್ಷ್ಯೆಗಳಾಗಿ ಮಾಡಿಕೊಳ್ಳಿ. ಕ್ರಮ ಹೀಗೆ: ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ, ಲಗ್ನ. ತುಲೆಯಲ್ಲಿ ಗುರುವಿಗೆ ಬಿಂದು ಕೊಟ್ಟವರು ಗುರು, ರವಿ, ಬುಧ, ಚಂದ್ರ ಮತ್ತು ಲಗ್ನ. ಮೊದಲ ಅರ್ಧದಲ್ಲಿ ಒಂದು ಬಿಟ್ಟು ಒಂದು ಕಕ್ಷ್ಯೆ ಖಾಲಿ. 18 ಡಿಗ್ರಿ 45 ಕಲೆ ದಾಟಿ ಗುರು ಬುಧನ ಕಕ್ಷ್ಯೆಗೆ ಬಂದ ಮೇಲೆ ರಾಶಿಯ ಕೊನೆಯವರೆಗೂ ತಡೆಯಿಲ್ಲದೆ ಬಿಂದುಗಳಿವೆ. ಈ ಜಾತಕದವರು ಕೇಳಲು ಬಂದರೆ, ಮಾತುಕತೆಯನ್ನು ಆ ತಿಂಗಳುಗಳಿಗೆ ಇಟ್ಟುಕೊಳ್ಳಿ ಅಂತ ಹೇಳಿ ಕಳಿಸುತ್ತೇನೆ.