ಫೋಟೋದಲ್ಲಿ ಹಿಂದೆ ಮಬ್ಬಾಗಿ ಕಾಣ್ತಿರೋದು ಯಾರು?

ಪರದೆ ಮೇಲಿರೋ ಈ ಫೋಟೋ ನೋಡಿ. ಕ್ಯಾಮೆರಾದಿಂದ ಎರಡು ಮೀಟರ್ ದೂರದಲ್ಲಿ, ಮೆಟ್ಟಿಲ ಮೇಲೆ ಒಬ್ಬ ಹುಡುಗಿ ಕೂತಿದ್ದಾಳೆ, ಕಣ್ರೆಪ್ಪೆ ಕೂಡ ಸ್ಪಷ್ಟ. ಅವಳ ಭುಜದ ಹಿಂದೆ, ಸುಮಾರು ಎಂಟು ಮೀಟರ್ ದೂರದಲ್ಲಿ, ತಿಳಿಗುಲಾಬಿ ಅಂಗಿಯ ಒಬ್ಬರು ಮಬ್ಬಾಗಿ ನಿಂತಿದ್ದಾರೆ. ಪ್ರವಾಸದಿಂದ ಬಂದಮೇಲೆ ಇದನ್ನ ನೋಡಿದ ಸ್ನೇಹಿತೆಯ ಪ್ರಶ್ನೆ ಇದು: “ಹಿಂದೆ ಇರೋದು ನಿಮ್ಮಣ್ಣ ತಾನೇ? ಅಲ್ಲ ಅಂದ್ರೆ ಮತ್ತ್ಯಾರು?” ಅಣ್ಣನೂ ಆ ದಿನ ಗುಲಾಬಿ ಅಂಗಿನೇ ಹಾಕಿದ್ದ. ಹಾಗಾಗಿ “ಹೌದು ಇರ್ಬೇಕು” ಅಂದುಬಿಡೋದು ಸುಲಭ. ಆದ್ರೆ ಸರಿಯಾದ ಉತ್ತರ ಕೊಡೋಕೆ ದಾರಿ ಇದೆ. ಅದು ಶುರುವಾಗೋದು ಮುಖದಿಂದ ಅಲ್ಲ, ಮಬ್ಬಿನಿಂದ.

ಮೊದಲು ನೋಡ್ಬೇಕಾದ್ದು, ಇದು ಯಾವ ಬಗೆಯ ಮಬ್ಬು ಅಂತ. ಮನುಷ್ಯ ನಡೀತಿದ್ದು ಮಸುಕಾಗಿದ್ರೆ, ಅವನು ಮಾತ್ರ ಒಂದು ದಿಕ್ಕಿಗೆ ಎಳೆದ ಹಾಗೆ ಕಾಣ್ತಾನೆ, ಪಕ್ಕದ ಗೋಡೆ ಸ್ಪಷ್ಟವಾಗೇ ಇರುತ್ತೆ. ಸಾಮಾನ್ಯ ನಡಿಗೆ ಸೆಕೆಂಡಿಗೆ ಸುಮಾರು 1.4 ಮೀಟರ್. ಶಟರ್ 1/15 ಸೆಕೆಂಡ್ ತೆರೆದಿದ್ರೆ ಅಷ್ಟರಲ್ಲಿ ಅವನು ಒಂಬತ್ತು ಸೆಂಟಿಮೀಟರ್ ಮುಂದೆ ಹೋಗಿರ್ತಾನೆ. ಮುಖ ಕಲಸಿಹೋಗೋಕೆ ಅಷ್ಟು ಸಾಕು. ನಮ್ಮ ಫೋಟೋದಲ್ಲಿ ಹಾಗಿಲ್ಲ. ಆ ವ್ಯಕ್ತಿಯ ಜೊತೆ ಗೋಡೆ, ಗಿಡ, ದೀಪ ಎಲ್ಲವೂ ಒಂದೇ ಹದಕ್ಕೆ ಮಸುಕು, ದೀಪ ಅಂತೂ ದುಂಡನೆ ಬಿಲ್ಲೆಯಾಗಿದೆ. ಅಂದ್ರೆ ಇದು ಫೋಕಸ್‌ನ ಮಬ್ಬು, ಇಲ್ಲವೇ ಅದನ್ನ ಅನುಕರಿಸಿ ಫೋನ್ ಬಳಿದ ಮಬ್ಬು.

ಈ ಎರಡರಲ್ಲಿ ಯಾವುದು ಅನ್ನೋದೇ ಇಲ್ಲಿ ಮುಖ್ಯ. ಸ್ವಲ್ಪ ಲೆಕ್ಕ ಹಾಕೋಣ. ದೊಡ್ಡ ಸೆನ್ಸರ್ ಇರೋ ಫುಲ್ ಫ್ರೇಮ್ ಕ್ಯಾಮೆರಾ, 50 ಮಿಲಿಮೀಟರ್ ಲೆನ್ಸ್, ಅಪರ್ಚರ್ f/1.8 ಅಂತ ಇಟ್ಕೊಳ್ಳಿ. ಎರಡು ಮೀಟರ್‌ಗೆ ಫೋಕಸ್ ಮಾಡಿದ್ರೆ, ಎಂಟು ಮೀಟರ್ ದೂರದ ಒಂದು ಚುಕ್ಕೆ ಸೆನ್ಸರ್ ಮೇಲೆ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಅಗಲವಾದ ಬಿಲ್ಲೆಯಾಗಿ ಹರಡುತ್ತೆ. 6000 ಪಿಕ್ಸೆಲ್ ಅಗಲದ ಫೋಟೋದಲ್ಲಿ ಅದು ಹತ್ತಿರಹತ್ತಿರ 90 ಪಿಕ್ಸೆಲ್. ಅದೇ ದೂರದಲ್ಲಿ ಒಬ್ಬರ ಎರಡು ಕಣ್ಣುಗಳ ನಡುವಿನ ಅಂತರ ಸುಮಾರು 66 ಪಿಕ್ಸೆಲ್ ಅಷ್ಟೇ. ಅಂದ್ರೆ ಎರಡು ಕಣ್ಣುಗಳ ಬಿಲ್ಲೆಗಳು ಒಂದರ ಮೇಲೊಂದು ಬಿದ್ದು ಬೆರೆತುಹೋಗಿವೆ. ಇಂಥ ಫೋಟೋ ಎಷ್ಟು ಹಿಗ್ಗಿಸಿದ್ರೂ ಗುರುತು ಹಿಡಿಯೋಕಾಗೋ ಮುಖ ಸಿಗಲ್ಲ.

ಫೋನ್‌ನ ಮುಖ್ಯ ಕ್ಯಾಮೆರಾದಲ್ಲಿ ಕಥೆ ಬೇರೆ. ಅದರ ಲೆನ್ಸ್‌ನ ನಿಜವಾದ ಫೋಕಲ್ ಲೆಂತ್ ಆರು ಮಿಲಿಮೀಟರ್ ಆಸುಪಾಸು. ಅದೇ ದೂರಗಳಿಗೆ ಲೆಕ್ಕ ಹಾಕಿದ್ರೆ, 4000 ಪಿಕ್ಸೆಲ್ ಅಗಲದ ಫೋಟೋದಲ್ಲಿ ಮಬ್ಬು ಮೂರೋ ನಾಲ್ಕೋ ಪಿಕ್ಸೆಲ್, ಮುಖದ ಅಗಲ 47ರಷ್ಟು. ಸ್ವಲ್ಪ ಮೃದುವಾಗಿ ಕಾಣಬಹುದು, ಆದ್ರೆ ಪರಿಚಯದವರಿಗೆ ಗುರುತು ಸಿಕ್ಕೀತು. ಹಾಗಾಗಿ ಫೋನ್‌ನ ಮುಖ್ಯ ಕ್ಯಾಮೆರಾದಲ್ಲಿ ತೆಗೆದ ಫೋಟೋದಲ್ಲಿ ಎಂಟು ಮೀಟರ್ ಹಿಂದಿನವರು ಇಷ್ಟು ಗಾಢವಾಗಿ ಮಸುಕಾಗಿದ್ರೆ, ಆ ಮಬ್ಬು ಲೆನ್ಸ್‌ನದ್ದಲ್ಲ, ಪೋರ್ಟ್ರೇಟ್ ಮೋಡ್‌ದು. ಅಂಚುಗಳನ್ನ ನೋಡಿದ್ರೂ ಗೊತ್ತಾಗುತ್ತೆ. ಹುಡುಗಿಯ ಬಿಡಿಗೂದಲಿನ ತುದಿ ಅರ್ಧಕ್ಕೇ ಅಳಿಸಿದೆ, ತೋಳು ಮತ್ತು ಸೊಂಟದ ನಡುವಿನ ಕಿಂಡಿಯಲ್ಲಿ ಕಾಣೋ ಹಿಂದಿನ ಗೋಡೆ ಮಾತ್ರ ಸ್ಪಷ್ಟವಾಗಿ ಉಳಿದಿದೆ. ನಿಜವಾದ ಲೆನ್ಸ್ ಹಾಗೆ ಕಿಂಡಿ ಮರೆಯಲ್ಲ.

ಬಳಿದ ಮಬ್ಬು ಅಂದ್ರೆ ತೆಗೆಯೋಕೂ ಬರಬಹುದು. ಐಫೋನ್‌ನಲ್ಲಿ ಫೋಟೋ ತೆರೆದು, ಎಡಿಟ್‌ಗೆ ಹೋಗಿ, ಪೋರ್ಟ್ರೇಟ್ ಆಫ್ ಮಾಡಿ. ಎಷ್ಟೋ ಆಂಡ್ರಾಯ್ಡ್ ಫೋನ್‌ಗಳ ಗ್ಯಾಲರಿಯಲ್ಲಿ ಹಿನ್ನೆಲೆಯ ಮಬ್ಬನ್ನ ಸೊನ್ನೆಗೆ ಇಳಿಸೋ ಪಟ್ಟಿ ಸಿಗುತ್ತೆ. ಮುಗಿದಮೇಲೆ ಮತ್ತೆ ಆನ್ ಮಾಡಿದ್ರೆ ಫೋಟೋ ಮೊದಲಿನಂತೆಯೇ ಇರುತ್ತೆ. ಎಡವೋದು ಒಂದೇ ಕಡೆ: ಇದನ್ನ ತೆಗೆದ ಫೋನ್‌ನಲ್ಲಿರೋ ಮೂಲ ಫೈಲ್‌ನಲ್ಲೇ ಮಾಡ್ಬೇಕು. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದ ಪ್ರತಿಯಲ್ಲಿ ಮಬ್ಬು ಚಿತ್ರದೊಳಗೇ ಬೆರೆತುಹೋಗಿರುತ್ತೆ, ಗಾತ್ರವೂ ಕುಗ್ಗಿರುತ್ತೆ. ಕೆಲವು ಫೋನ್‌ಗಳು ಮಬ್ಬಾದ ಚಿತ್ರವನ್ನಷ್ಟೇ ಉಳಿಸ್ತವೆ, ಅಲ್ಲಿ ಈ ದಾರಿ ಮುಚ್ಚಿದೆ.

ಈಗ ನಮ್ಮ ಫೋಟೋದ ಮಬ್ಬು ಇಳಿಸೋಣ. ನೋಡಿ, ಗುಲಾಬಿ ಅಂಗಿ ಗುಲಾಬಿ ಅಲ್ಲವೇ ಅಲ್ಲ! ಬಿಳಿ ಬಟ್ಟೆ ಮೇಲೆ ಸಣ್ಣ ಸಣ್ಣ ಕೆಂಪು ಗೆರೆ. ಮಬ್ಬು ಅಂದ್ರೆ ಅಕ್ಕಪಕ್ಕದ ಬಣ್ಣಗಳ ಸರಾಸರಿ, ಕೆಂಪು ಬಿಳಿ ಬೆರೆತರೆ ಗುಲಾಬಿ, ಕಪ್ಪು ಬಿಳಿ ಚೌಕಳಿ ಆದ್ರೆ ಬೂದು. ಮಸುಕಾದ ಫೋಟೋದಲ್ಲಿ ಬಟ್ಟೆಯ ಬಣ್ಣ ನಂಬಿ ಗುರುತಿಸೋರು ಹೆಚ್ಚಾಗಿ ಬೀಳೋದು ಈ ಗುಂಡಿಗೇ. ಮೈಕಟ್ಟೂ ಹಾಗೇ. ಅಂಚು ಎರಡೂ ಕಡೆ ಹರಡೋದ್ರಿಂದ ತೆಳ್ಳಗಿರೋರು ದಪ್ಪ ಕಾಣ್ತಾರೆ, ಹೆಗಲ ಚೀಲ ಬೆನ್ನಿನ ಭಾಗವೇ ಆಗಿಬಿಡುತ್ತೆ.

ಮಬ್ಬು ಇಳಿಯದಿದ್ರೆ ಆಸರೆ ಅಂದ್ರೆ ಅದೇ ಹೊತ್ತಿನ ಬೇರೆ ಫೋಟೋಗಳು. ಜೊತೆಗಿದ್ದವರ ಫೋನ್‌ಗಳಿಂದ, ಈ ಫೋಟೋಗೆ ಎರಡು ನಿಮಿಷ ಹಿಂದೆ ಮುಂದೆ ತೆಗೆದವನ್ನ ಮೂಲ ಫೈಲ್ ಆಗಿಯೇ ತರಿಸಿಕೊಳ್ಳಿ. ವಾಟ್ಸಾಪ್‌ನಲ್ಲಾದ್ರೆ ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ, ಆಗ ತೆಗೆದ ಸಮಯವೂ ಉಳಿಯುತ್ತೆ. ಬೇರೆ ದೇಶಕ್ಕೆ ಹೋಗಿದ್ರೆ ಕ್ಯಾಮೆರಾದ ಗಡಿಯಾರ ಊರಿನ ಸಮಯದಲ್ಲೇ ನಿಂತಿರಬಹುದು. ಹಾಗಾಗಿ ಎರಡರಲ್ಲೂ ಬಿದ್ದಿರೋ ಒಂದೇ ಗಳಿಗೆಯನ್ನ ಹುಡುಕಿ ಸಮಯ ಹೊಂದಿಸಿಕೊಳ್ಳಿ. ಐಫೋನ್‌ನ ಲೈವ್ ಫೋಟೋ ಆಗಿದ್ರೆ ಒತ್ತುವುದಕ್ಕೆ ಒಂದೂವರೆ ಸೆಕೆಂಡ್ ಮುಂಚೆ, ಒಂದೂವರೆ ಸೆಕೆಂಡ್ ಆಮೇಲೆ ನಡೆದಿದ್ದೂ ಇರುತ್ತೆ. ಆ ವ್ಯಕ್ತಿ ಯಾರ ಜೊತೆ ಮಾತಾಡ್ತಿದ್ದ, ಯಾವ ಗುಂಪಿನ ಕಡೆ ತಿರುಗಿದ ಅನ್ನೋದು ಮುಖಕ್ಕಿಂತ ಚೆನ್ನಾಗಿ ಹೇಳುತ್ತೆ. ಇಲ್ಲಿ ಒಂದು ನಿಮಿಷ ಆಮೇಲೆ ತೆಗೆದ ಫೋಟೋದಲ್ಲಿ ಅಣ್ಣ ಇದ್ದಾನೆ: ಗೆರೆ ಇಲ್ಲದ ಗುಲಾಬಿ ಅಂಗಿ, ಕೈಯಲ್ಲಿ ಕೊಡೆ. ಹಿಂದೆ ನಿಂತವರದು ಗೆರೆ ಅಂಗಿ, ಹೆಗಲಿಗೆ ಚೀಲ. ಇಬ್ಬರೂ ಬೇರೆ ಬೇರೆ.

ಮಸುಕು ಮುಖವನ್ನ “ಸ್ಪಷ್ಟ” ಮಾಡಿಕೊಡೋ ಆ್ಯಪ್‌ಗಳನ್ನ ಇಲ್ಲಿ ಬಳಸಬೇಡಿ. ಅವು ಇಲ್ಲದ ವಿವರವನ್ನ ಊಹಿಸಿ ತುಂಬಿಸ್ತವೆ. ಬರೋದು ಯಾರೋ ಒಬ್ಬರ ಚಂದದ ಮುಖ, ಅಲ್ಲಿ ನಿಂತಿದ್ದವರದ್ದಲ್ಲ. ಅದನ್ನ ನೋಡಿ “ಇವರೇ” ಅಂದ್ರೆ ಸಂಬಂಧವೇ ಇಲ್ಲದವರ ಹೆಸರು ಎಳೆದಂತಾಗುತ್ತೆ. ಅಪರಿಚಿತರು ಅಂತ ಗೊತ್ತಾದ ಮೇಲೆ ಅವರ ಮುಖ ಕತ್ತರಿಸಿ “ಇವರ್ಯಾರು ಗೊತ್ತಾ” ಅಂತ ಗುಂಪುಗಳಿಗೆ ಹಾಕೋದೂ ಬೇಡ. ಅವರು ನಮ್ಮ ಫೋಟೋಗೆ ಒಪ್ಪಿ ನಿಂತವರಲ್ಲ.

ಸ್ನೇಹಿತೆಗೆ ಕಳಿಸೋ ಉತ್ತರದಲ್ಲಿ ಗೊತ್ತಿರೋದು ಎಷ್ಟು, ಅದು ಹೇಗೆ ಗೊತ್ತಾಯ್ತು ಎರಡೂ ಇದ್ರೆ ಅವಳು ಮತ್ತೆ ಕೇಳ್ಬೇಕಾಗಲ್ಲ: “ಅಣ್ಣ ಅಲ್ಲ ಕಣೇ. ಮಬ್ಬು ತೆಗೆದು ನೋಡಿದ್ರೆ ಅದು ಕೆಂಪು ಗೆರೆ ಅಂಗಿ, ಒಂದು ನಿಮಿಷ ಆದ್ಮೇಲಿನ ಫೋಟೋದಲ್ಲಿ ಅಣ್ಣಂದು ಗೆರೆ ಇಲ್ಲದ ಗುಲಾಬಿ. ಅವರು ಯಾರೋ ದಾರಿಹೋಕರು, ಹೆಸರು ಗೊತ್ತಿಲ್ಲ. ಅಣ್ಣ ಇರೋ ಫೋಟೋ ಬೇರೆ ಕಳಿಸಿದೀನಿ, ನೋಡು.”